ಟಕ್ ಅಂತ ಆರಿಸೋ ಅಪ್ಪಾಜಿ

ಭಾನುವಾರ ನನ್ನ ಪರೀಕ್ಷೆ ಇತ್ತು. ಆಫೀಸಿನವರು ಈ ವಯಸ್ಸಿನಲ್ಲಿ ಹೊರಿಸಿದ ಆನ್‌ಲೈನ್ ಪರೀಕ್ಷೆ. ಬೆಳಿಗ್ಗೆ 10ರಿಂದ 11:30, ಕ್ಯಾಮೆರಾ ಮುಂದೆ. ಮಧ್ಯೆ ನೆಟ್ ಹೋದರೆ ಮೇಲ್ವಿಚಾರಕರು ಒಪ್ಪಿದ ಮೇಲೇ ಮತ್ತೆ ಒಳಗೆ ಪ್ರವೇಶ ಅಂತ ಸೂಚನೆ ಬಂದಿತ್ತು.

ದಾವಣಗೆರೆಯ ನಮ್ಮ ಮನೆಯಲ್ಲಿ ನೆಟ್ ಜೋರಾಗೇ ಇದೆ. ಸ್ಪೀಡ್ ಟೆಸ್ಟ್ ಮಾಡಿದರೆ ಮುಳ್ಳು ಓಡಿ ತುದಿ ಮುಟ್ಟುತ್ತದೆ. ಆದರೆ ಅದು ಹೇಳೋದು ಆ ಅರ್ಧ ನಿಮಿಷದ ಮಾತು. ನನಗೆ ಬೇಕಾಗಿದ್ದು ಒಂದೂವರೆ ಗಂಟೆ ಕಡಿಯದ ದಾರಿ. ಅದಕ್ಕೆ ಬುಧವಾರ ಬೆಳಿಗ್ಗೆ 9ಕ್ಕೆ ಲ್ಯಾಪ್‌ಟಾಪ್ ನಿದ್ದೆ ಹೋಗದ ಹಾಗೆ ಸೆಟ್ ಮಾಡಿ, ಇಷ್ಟು ಟೈಪ್ ಮಾಡಿ ಆಫೀಸಿಗೆ ಹೋದೆ:

```
ping -t 8.8.8.8 > D:\net.txt
```

ಇದು ಸುಮಾರು ಸೆಕೆಂಡಿಗೊಂದು ಸಲ ಹೊರಗಿನ ಕಂಪ್ಯೂಟರನ್ನು "ಇದ್ದೀಯಾ?" ಅಂತ ಕೇಳಿ, ಬಂದ ಉತ್ತರ ಬರೆದಿಡುತ್ತದೆ. ಸಂಜೆ ಬಂದು ಫೈಲ್ ತೆರೆದರೆ ಸುಮಾರು 4,800ನೇ ಸಾಲಿನ ತನಕ ಎಲ್ಲ ಚೆನ್ನಾಗಿದೆ. ಆಮೇಲೆ ಪುಟಗಟ್ಟಲೆ ಒಂದೇ ಮಾತು. ಲೆಕ್ಕ ಹಾಕಿದೆ, ಬೆಳಿಗ್ಗೆ 10:20. ಗುರುವಾರವೂ ಹೆಚ್ಚುಕಡಿಮೆ ಅಲ್ಲೇ. ಪರೀಕ್ಷೆಯ ನಟ್ಟನಡುವೆ!

ನೆಟ್ಟಿನವರಿಗೆ ಫೋನ್ ಮಾಡಿ ಚೆನ್ನಾಗಿ ಕೂಗಾಡಿದೆ. ಬಂದ ಹುಡುಗ ಫೈಲ್ ಮೇಲೆ ಕಣ್ಣಾಡಿಸಿ ಮೆಲ್ಲಗೆ ಹೇಳಿದ: "ಸರ್, ನಮ್ಮ ಲೈನ್ ಹೋದ್ರೆ ಸಾಮಾನ್ಯವಾಗಿ `Request timed out.` ಅಂತ ಬರುತ್ತೆ. ಇಲ್ಲಿ ನೋಡ್ರಿ, `General failure.` ಅಂತೈತಿ. ನಿಮ್ಮ ಲ್ಯಾಪ್‌ಟಾಪಿಗೆ ವೈಫೈಯೇ ಸಿಕ್ಕಿಲ್ಲ. ಆ ಹೊತ್ತಿಗೆ ರೂಟರ್ ಆಫ್ ಆಗಿರಬೇಕು."

ಯಾರು ಆಫ್ ಮಾಡ್ತಾರೆ? ಕರೆಂಟ್ ಅಂತೂ ಹೋಗಿರಲಿಲ್ಲ. ಶುಕ್ರವಾರ ಅರ್ಧ ದಿನ ರಜೆ ಹಾಕಿ ಹಾಲಿನಲ್ಲಿ ಪೇಪರ್ ಹಿಡಿದು ಕೂತೆ. 10:20ಕ್ಕೆ ಅಪ್ಪಾಜಿ ಎದ್ದರು. ಲುಂಗಿ ಬಿಗಿ ಮಾಡಿಕೊಂಡರು. ಟಿವಿ ಸ್ವಿಚ್, ಟಕ್. ಚಾರ್ಜರ್, ಟಕ್. ರೂಟರ್, ಟಕ್. ಆಮೇಲೆ ಹೋಗಿ ಸಂಪಿನ ಮೋಟಾರ್ ಹಾಕಿದರು.

"ಅಪ್ಪಾಜಿ, ಅದನ್ನ ಯಾಕೆ ಆರಿಸಿದ್ರಿ?"

"ಮೋಟಾರ್ ಹಾಕಿದಾಗ ವೋಲ್ಟೇಜ್ ಬೀಳ್ತೈತೋ. ಸುಟ್ಟು ಹೋದ್ರೆ ನೀನು ಕೊಡ್ತೀಯಾ? ಅದೂ ಅಲ್ದೆ ಹಗಲೊತ್ತಿನಾಗೆ ಸುಮ್ನೆ ಹಸಿರು ದೀಪ ಮಿಣಮಿಣ ಅಂತೈತಿ. ನೋಡೋರ್ಯಾರು?"

ಟ್ಯಾಂಕ್ ತುಂಬಿದ ಮೇಲೆ ಎಲ್ಲ ಮತ್ತೆ ಟಕ್ ಟಕ್. ಇಪ್ಪತ್ತು ನಿಮಿಷ. ಫೈಲಿನ ಲೆಕ್ಕಕ್ಕೆ ಸರಿಯಾಗಿ ಹೊಂದಿತು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನೆಟ್ಟಿನವರಿಗೆ ಕೂಗಾಡಿದ್ದೂ ನೆನಪಾಯಿತು.

ಅಪ್ಪಾಜಿ ಹತ್ತಿ ಮಿಲ್ಲಿನಲ್ಲಿ ಇದ್ದವರು. ಶಿಫ್ಟ್ ಮುಗಿದರೆ ತಮ್ಮ ಕೈಯಾರೆ ಸ್ವಿಚ್ ಆರಿಸಿ ಬರಬೇಕು. ಮಿಲ್ ಮುಚ್ಚಿದ ದಿನವೂ ಆರಿಸಿಯೇ ಬಂದರಂತೆ. ಆಮೇಲೆ ಅದನ್ನು ಹಾಕಲು ಯಾರೂ ಕರೆಯಲಿಲ್ಲ. ಇದು ಗೊತ್ತಿರೋದ್ರಿಂದ ಅವರಿಗೆ ಜೋರು ಮಾಡೋದು ಕಷ್ಟ.

ಆ ದಿನ ಸಂಜೆ ಕರೆಂಟ್ ಹೋದರೆ ಏನಾಗುತ್ತೆ ಅಂತ ನಾನೇ ಮೇನ್ ಆಫ್ ಮಾಡಿ ನೋಡಿದೆ. (ಅಪ್ಪಾಜಿಗೆ ಭಾರಿ ಖುಷಿ.) ಇನ್ವರ್ಟರ್ ತಕ್ಷಣ ಹಿಡಿಯಿತು, ಫ್ಯಾನ್ ನಿಲ್ಲಲೇ ಇಲ್ಲ. ರೂಟರ್ ಮಾತ್ರ ಒಮ್ಮೆ ಕಣ್ಣು ಮುಚ್ಚಿ ಬಿಟ್ಟಿತು. ಕರೆಂಟಿಂದ ಬ್ಯಾಟರಿಗೆ ಬದಲಾಗೋ ಆ ಚಿಕ್ಕ ಸಂದು ಫ್ಯಾನಿಗೆ ಗೊತ್ತಾಗಲ್ಲ, ರೂಟರಿಗೆ ಸಾಕು. ಮತ್ತೆ ಎದ್ದು ನೆಟ್ ಹಿಡಿಯೋಕೆ ಮೂರು ನಿಮಿಷ. ಇನ್ವರ್ಟರಿನ ಹಿಂದೆ ಧೂಳು ತಿಂದು ಕೂತಿದ್ದ ಸ್ವಿಚ್ಚನ್ನು `UPS` ಕಡೆ ತಳ್ಳಿದೆ. ಅದರಲ್ಲಿ ಬದಲಾವಣೆ ಬೇಗ ಆಗುತ್ತೆ. ಮತ್ತೆ ಮೇನ್ ಆಫ್ ಮಾಡಿದರೆ ರೂಟರ್ ಮಿಸುಕಲಿಲ್ಲ. ಆದರೆ ಈ ಸ್ಥಿತಿಯಲ್ಲಿ ವೋಲ್ಟೇಜ್ ಸ್ವಲ್ಪ ಬಿದ್ದರೂ ಇನ್ವರ್ಟರ್ ಬ್ಯಾಟರಿಗೆ ಹಾರುತ್ತೆ. ಅಂದರೆ ಮೋಟಾರ್ ಹಾಕಿದಾಗೆಲ್ಲ. ಅಪ್ಪಾಜಿ ಹೇಳಿದ್ದರಲ್ಲೂ ಸತ್ಯ ಇತ್ತು ಅಲ್ವಾ?

ಕೊನೆಗೆ, ವೈಫೈ ಹೋದರೆ ಇರಲಿ ಅಂತ ಮೊಬೈಲ್ ನೆಟ್. ದಿನಕ್ಕೆ 1.5 ಜಿಬಿ ಸಾಕು, ಕ್ಯಾಮೆರಾ ಸೆಕೆಂಡಿಗೆ 500 ಕಿಲೋಬಿಟ್ ತಿಂದರೂ ಒಂದೂವರೆ ಗಂಟೆಗೆ 350 ಎಂಬಿ ದಾಟಲ್ಲ ಅಂತ ಲೆಕ್ಕ ಹಾಕಿದ್ದೆ. ಶನಿವಾರ ಕೇಬಲ್ ಹಾಕಿ ನೋಡಿದರೆ ಅರ್ಧ ಗಂಟೆಯಲ್ಲಿ ಪ್ಯಾಕ್ ಖಾಲಿ! ವಿಂಡೋಸ್ ಹಿಂದಿನಿಂದ ಅಪ್‌ಡೇಟ್ ಇಳಿಸಿಕೊಳ್ಳುತ್ತಿತ್ತು. ಆ ಸಂಪರ್ಕವನ್ನು `Metered` ಅಂತ ಗುರುತು ಮಾಡಿದ ಮೇಲೆ ಸುಮ್ಮನಾಯಿತು.

ಭಾನುವಾರ ಮೋಟಾರಿಗೆ ರಜೆ ಕೊಡಿಸಿದೆ. ರೂಟರ್ ಸ್ವಿಚ್ಚಿಗೆ ಟೇಪ್ ಸುತ್ತಿದೆ. ಅಪ್ಪಾಜಿಯೇ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. "ಹನ್ನೊಂದೂವರೆ ತನಕ ಯಾರೂ ಮುಟ್ಟಂಗಿಲ್ಲ" ಅಂತ ಮೊಮ್ಮಗಳಿಗೂ ಗದರಿಸಿದರು. ಒಂದು ಸಲವೂ ನೆಟ್ ಕಡಿಯಲಿಲ್ಲ. 11:29ಕ್ಕೆ ಕೊನೆಯ ಉತ್ತರ ಒತ್ತಿ `Submit` ಒತ್ತಿದೆ. ತೆರೆ ಮೇಲೆ ಚಕ್ರ ತಿರುಗತೊಡಗಿತು. ಹಾಲಿನ ಗಡಿಯಾರ ಒಂದು ಸಲ ಡಣ್ ಅಂದಿತು.

ಪರ್ರ್ ಅಂತ ಟೇಪ್ ಕಿತ್ತ ಸದ್ದು. ಟಕ್.

ಚಕ್ರ ನಿಂತಿತು. ನನ್ನ ಉಸಿರೂ. ಕೇಬಲ್ಲಿನಲ್ಲಿದ್ದ ಮೊಬೈಲ್ ನಿಧಾನಕ್ಕೆ ಕೆಲಸ ವಹಿಸಿಕೊಂಡಿತು. ಚಕ್ರ ಮತ್ತೆ ಎರಡು ಸುತ್ತು ಸುತ್ತಿ `Submitted` ಅಂತ ತೋರಿಸೋ ಹೊತ್ತಿಗೆ ಹಿತ್ತಲಲ್ಲಿ ಮೋಟಾರ್ ಶುರುವಾಗಿತ್ತು.