ದುಬಾರಿ ಲೆನ್ಸೇ ಒಳ್ಳೆಯ ಲೆನ್ಸಾ?

ಕಣ್ಣಿನ ಪೊರೆ ಆಪರೇಷನ್ ಅಂದ ಕೂಡಲೇ ಆಸ್ಪತ್ರೆಯವರು ಲೆನ್ಸಿನ ದರಪಟ್ಟಿ ಮುಂದಿಡುತ್ತಾರೆ. ಮೊನೋಫೋಕಲ್‌ಗೆ ಒಂದು ರೇಟು, ಮಲ್ಟಿಫೋಕಲ್‌ಗೆ ಅದರ ಎಷ್ಟೋ ಪಟ್ಟು. ಮಕ್ಕಳಿಗೆ ಪೇಚಾಟ. ಅಪ್ಪನ ಕಣ್ಣಿಗೆ ಕಡಿಮೆದು ಹಾಕಿಸೋದಾ ಅಂತ.

ಆಪರೇಷನ್ ಎರಡಕ್ಕೂ ಒಂದೇ. ಮೊದಲು ಬಯೋಮೆಟ್ರಿ, ಅಂದರೆ ಕಣ್ಣಿನ ಉದ್ದ ಮತ್ತು ಕಾರ್ನಿಯಾದ ಬಾಗು ಅಳೆದು ಲೆನ್ಸಿನ ಪವರ್ ಲೆಕ್ಕ ಹಾಕುತ್ತಾರೆ. ಆಪರೇಷನ್ ದಿನ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ, ಕಣ್ಣು ಮರಗಟ್ಟಿಸುತ್ತಾರೆ. ಫೇಕೋ ವಿಧಾನದಲ್ಲಿ 2ರಿಂದ 3 ಮಿಲಿಮೀಟರ್ ಸೀಳು ಸಾಕು. ಕಣ್ಣಿನದೇ ಆದ, ಈಗ ಮಂಜಾದ ಲೆನ್ಸಿನ ಸುತ್ತ ತೆಳುವಾದ ಚೀಲವಿರುತ್ತದೆ. ಅದರ ಮುಂಭಾಗದಲ್ಲಿ ದುಂಡಗೆ ಬಾಯಿ ತೆರೆದು, ಒಳಗಿನದನ್ನು ಅಲ್ಟ್ರಾಸೌಂಡಿನಿಂದ ಪುಡಿ ಮಾಡಿ ಎಳೆದುಕೊಳ್ಳುತ್ತಾರೆ. ಅದೇ ಚೀಲದೊಳಗೆ ಮಡಿಚಿದ ಹೊಸ ಲೆನ್ಸ್ ಬಿಡುತ್ತಾರೆ, ಅದು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಹೊಲಿಗೆಯೇ ಬೇಡ.

ಮೊನೋಫೋಕಲ್ ಲೆನ್ಸ್ ಬೆಳಕನ್ನೆಲ್ಲ ಒಂದೇ ದೂರಕ್ಕೆ ಕೊಡುತ್ತದೆ. ಮಲ್ಟಿಫೋಕಲ್ ಅದೇ ಬೆಳಕನ್ನು ದೂರಕ್ಕೆ, ಹತ್ತಿರಕ್ಕೆ ಹಂಚುತ್ತದೆ. ಹಂಚಿದ ಮೇಲೆ ಪ್ರತಿ ಪಾಲೂ ಸ್ವಲ್ಪ ಮಸುಕೇ ಅಲ್ವಾ? ಮಬ್ಬು ಬೆಳಕಲ್ಲಿ ಸ್ಪಷ್ಟತೆ ಕಡಿಮೆಯಾಗಬಹುದು, ರಾತ್ರಿ ಹೆಡ್‌ಲೈಟ್ ಸುತ್ತ ಬಳೆ ಕಾಣಬಹುದು. ಕಣ್ಣು ಆರೋಗ್ಯವಾಗಿದ್ದು, ಕನ್ನಡಕವೇ ಬೇಡ ಅನ್ನುವವರು, ಇಷ್ಟನ್ನು ಸಹಿಸಿಕೊಳ್ಳಬಲ್ಲವರು ಅದನ್ನು ಹಾಕಿಸಿಕೊಂಡು ಖುಷಿಯಾಗಿಯೇ ಇದ್ದಾರೆ. ಆದರೆ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ ತೊಂದರೆ ಇದ್ದರೆ, ಗ್ಲಾಕೋಮಾದಿಂದ ನೋಟ ಕುಂದಿದ್ದರೆ, ಅದು ದುಡ್ಡು ಕೊಟ್ಟು ತಂದುಕೊಳ್ಳುವ ಕಿರಿಕಿರಿ.

ನಮ್ಮ ಮಾವನದೇ ನೋಡಿ. ಸಣ್ಣ ವಯಸ್ಸಿನಿಂದ ಮೈನಸ್ 3 ಕನ್ನಡಕ. ಬೆಳಿಗ್ಗೆ ಅದನ್ನು ತೆಗೆದಿಟ್ಟು ಬರಿಗಣ್ಣಲ್ಲಿ ಪೇಪರ್ ಓದುವುದು ಅಭ್ಯಾಸ. ಸಕ್ಕರೆ ಕಾಯಿಲೆ ಇರುವುದರಿಂದ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿದರು. ರೆಟಿನಾದ ನಡುಭಾಗದಲ್ಲಿ ಸ್ವಲ್ಪ ಬದಲಾವಣೆ ಇತ್ತು, ಮಲ್ಟಿಫೋಕಲ್ ಅಲ್ಲಿಗೇ ಕೈಬಿಟ್ಟೆವು. ಆಮೇಲೆ ಡಾಕ್ಟರು ಕೇಳಿದರು, "ಯಜಮಾನ್ರೇ, ಕನ್ನಡಕ ಯಾವುದಕ್ಕೆ ಬೇಡ ನಿಮಗೆ? ಓದೋಕಾ, ಓಡಾಡೋಕಾ?"

ಈ ಪ್ರಶ್ನೆಯನ್ನು ಎಷ್ಟೋ ಕಡೆ ಯಾರೂ ಕೇಳುವುದೇ ಇಲ್ಲ. ಮೊನೋಫೋಕಲ್ ಅಂದರೆ ದೂರಕ್ಕೇ ಅಂತ ಸುಮ್ನೆ ಅಂದುಕೊಂಡುಬಿಡುತ್ತೇವೆ. ಲೆನ್ಸಿನ ಪವರ್ ಆರಿಸುವಾಗಲೇ ಕಣ್ಣಿಗೆ ಸುಮಾರು ಮೈನಸ್ 2.5 ನಂಬರ್ ಉಳಿಯುವಂತೆ ಲೆಕ್ಕ ಹಾಕಿದರೆ 40 ಸೆಂಟಿಮೀಟರ್ ದೂರದ ಅಕ್ಷರ ಬರಿಗಣ್ಣಿಗೆ ಸಿಗುತ್ತದೆ. ಮಾವ ಅದನ್ನೇ ಆರಿಸಿದರು. ದೂರಕ್ಕೆ ಸೆಟ್ ಮಾಡಿದ್ದರೆ ಓದಲು ಕನ್ನಡಕ ಹುಡುಕಬೇಕಿತ್ತು, ಅವರಿಗೆ ಅದು ನಷ್ಟವೇ. ಈಗ ಹೊರಗೆ ಹೋಗುವಾಗ ಕನ್ನಡಕ, ಪೇಪರಿಗೆ ಬರಿಗಣ್ಣು, ಹಿಂದಿನಂತೆಯೇ.

ಕೂತ ಲೆನ್ಸನ್ನು ತೆಗೆದು ಬದಲಿಸುವುದು ಮೊದಲ ಆಪರೇಷನ್ನಿಗಿಂತ ಕಷ್ಟದ್ದು. ಹಾಗಾಗಿ ದರಪಟ್ಟಿ ನೋಡುವ ಮುಂಚೆ ಎರಡು ಕೇಳಿ: ರೆಟಿನಾ ಹೇಗಿದೆ, ಲೆನ್ಸ್ ಯಾವ ದೂರಕ್ಕೆ ಸೆಟ್ ಮಾಡ್ತೀರಿ?