ರೂಪಾಯಿ ಬಿತ್ತು, ಶಾಮಿಯಾನ ನಿಂತಿತು

ಸಮ್ಮೇಳನ ಸಮಿತಿಯ ಪ್ರಕಟಣೆಯನ್ನು ನೀವೂ ಓದಿರುತ್ತೀರಿ. ರೂಪಾಯಿ ಕುಸಿದದ್ದರಿಂದ ಅಂತರರಾಷ್ಟ್ರೀಯ ಕಾಫಿ ಸಮ್ಮೇಳನಕ್ಕೆ ನಷ್ಟವಾಗಿದೆಯಂತೆ, ಸದಸ್ಯರು ಸಹಕರಿಸಬೇಕಂತೆ. ಸಹಕಾರ ತಲಾ ಎಷ್ಟು ಸಾವಿರ ಎಂಬುದು ಮುಂದಿನ ಪತ್ರದಲ್ಲಿ ಬರಲಿದೆ.

ಪಾಪ, ರೂಪಾಯಿಗೆ ಬಾಯಿಲ್ಲ. ಇದ್ದಿದ್ದರೆ ಅದೂ ಒಂದು ಪತ್ರಿಕಾಗೋಷ್ಠಿ ಕರೆಯುತ್ತಿತ್ತು.

ಸೋಜಿಗವೆಂದರೆ ಇದು ಕೊಡಗಿನಲ್ಲಿ ನಡೆದಿರುವುದು. ಹಾಸಿಗೆಯಿಂದ ಏಳುವ ಮೊದಲೇ ಡಾಲರ್ ಎಷ್ಟಾಯಿತು ಎಂದು ನೋಡುವ ಜನ ನಾವು. ಲಂಡನ್ನಿನಲ್ಲಿ ರೋಬಸ್ಟಾ ಟನ್ನಿಗೆ ಎಷ್ಟು ಡಾಲರ್, ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ ಎಷ್ಟು ಸೆಂಟ್ ಎಂದು ವಿಚಾರಿಸದೆ ಗೋಣಿಕೊಪ್ಪದಲ್ಲಿ ಒಂದು ಚೀಲ ಚೆರಿಯನ್ನೂ ಕೊಡುವುದಿಲ್ಲ. ಅದೇ ಬೆಳೆಗಾರರು ಸಮಿತಿಯ ಕುರ್ಚಿಯಲ್ಲಿ ಕೂತರೆ ಸಾಕು, ವಿದೇಶಿ ಭಾಷಣಕಾರರ ಸಂಭಾವನೆಯನ್ನು ಅವತ್ತು ಮೊಬೈಲಿನಲ್ಲಿ ಕಂಡ ದರಕ್ಕೆ ಗುಣಿಸಿ, ಕೆಳಗೆ ಅನಿರೀಕ್ಷಿತ ಖರ್ಚಿಗೆಂದು 'ಕಂಟಿಂಜೆನ್ಸಿ 5%' ಎಂದು ಬರೆದು ಕಾಫಿಗೆ ಏಳುತ್ತಾರೆ.

ಇಂಥ ಬಜೆಟ್ ಹೇಗಿರುತ್ತದೆ ಎಂದು ಒಂದು ಲೆಕ್ಕ ಹಾಕಿ ನೋಡೋಣ. ಒಟ್ಟು 60 ಲಕ್ಷ. ಅದರಲ್ಲಿ ಮೂವರು ವಿದೇಶಿಯರು: ಬ್ರೆಜಿಲ್‌ನವರಿಗೆ 8,000 ಡಾಲರ್, ಜರ್ಮನಿಯವರಿಗೆ 6,000 ಯೂರೋ, ಇಂಗ್ಲೆಂಡಿನವರಿಗೆ 5,000 ಪೌಂಡ್. ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಜನವರಿಯಲ್ಲಿ, ಸಮ್ಮೇಳನ ಡಿಸೆಂಬರಿನಲ್ಲಿ. ಸಹಿಯಾದಾಗ ಶೇ 30 ಮುಂಗಡ, ಉಳಿದ ಶೇ 70 ಭಾಷಣ ಮುಗಿದ ಮೇಲೆ. ಮುಂಗಡ ಹೋಯಿತೆಂದರೆ ಅದರ ದರದ ಚಿಂತೆಯೂ ಹೋಯಿತು. ಅಪಾಯವಿರುವುದು ಬಾಕಿ ಉಳಿದ 5,600 ಡಾಲರ್, 4,200 ಯೂರೋ, 3,500 ಪೌಂಡುಗಳಲ್ಲಿ ಮಾತ್ರ. ಜನವರಿಯ ದರದಲ್ಲಿ ಇವೆಲ್ಲ ಸೇರಿ ಸುಮಾರು ಹನ್ನೆರಡೂಕಾಲು ಲಕ್ಷ.

ಈಗ ಆ ವರ್ಷ ಏನಾಯಿತು ನೋಡಿ. ಡಾಲರ್ 86ರ ಆಸುಪಾಸಿನಿಂದ 90ಕ್ಕೆ ಹೋಯಿತು. ಶೇ 5ಕ್ಕಿಂತ ಸ್ವಲ್ಪ ಕಡಿಮೆ. ನಮ್ಮ ಐದು ಪರ್ಸೆಂಟ್ ಪಂಡಿತರಿಗೆ ಇಲ್ಲಿ ಒಂದು ನಮಸ್ಕಾರ ಹೇಳಲೇಬೇಕು. ಆದರೆ ಯೂರೋ? 89ರ ಸುಮಾರಿಗೆ ಇದ್ದದ್ದು 105ಕ್ಕೆ ಏರಿತು. ಪೌಂಡ್ 106ರಿಂದ 120ಕ್ಕೆ. ಡಾಲರೇ ಆ ವರ್ಷ ಯೂರೋ ಎದುರು ಇಳಿಯಿತು, ರೂಪಾಯಿ ಡಾಲರಿನ ಎದುರೂ ಇಳಿಯಿತು; ಯೂರೋದಲ್ಲಿ ಸಾಲವಿದ್ದವನಿಗೆ ಎರಡು ಇಳಿತವೂ ಸೇರಿ ಬಿತ್ತು. ಡಾಲರೊಂದನ್ನೇ ನೋಡುವ ಕಾಫಿಯವರ ಕಣ್ಣಿಗೆ ಇದು ಕಾಣಲಿಲ್ಲ. ಹೆಚ್ಚುವರಿ ಹೊರೆ ಡಾಲರಿನಲ್ಲಿ 22,400 ರೂಪಾಯಿ, ಪೌಂಡಿನಲ್ಲಿ 49,000, ಯೂರೋದಲ್ಲಿ 67,200. ಒಟ್ಟು 1,38,600.

ಇದಕ್ಕೆ ಬ್ಯಾಂಕಿನ ಪಾಲು ಸೇರಿಸಿ. ಮೊಬೈಲಿನಲ್ಲಿ ಕಾಣುವುದು ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಡುಕೊಳ್ಳುವ ದರದ ಮಧ್ಯದ ಅಂಕಿ. ಆ ದರಕ್ಕೆ ನಿಮಗೆ, ನನಗೆ ಯಾರೂ ಯೂರೋ ಮಾರುವುದಿಲ್ಲ. ಹಣ ಕಳಿಸುವವರಿಗೆ ಅನ್ವಯಿಸುವುದು ಬ್ಯಾಂಕಿನ ಟಿಟಿ ಸೆಲ್ಲಿಂಗ್ ದರ, ಅಂದರೆ ಬ್ಯಾಂಕು ಗಿರಾಕಿಗೆ ವಿದೇಶಿ ಹಣ ಮಾರುವ ದರ. ಅದು ಶೇ 1.5 ಮೇಲಿದೆ ಎಂದಿಟ್ಟುಕೊಂಡರೆ ಇನ್ನೊಂದು ಇಪ್ಪತ್ತು ಸಾವಿರ. ಇದು ಅಪಾಯವೂ ಅಲ್ಲ, ಅನಿರೀಕ್ಷಿತವೂ ಅಲ್ಲ, ಖಚಿತ ಖರ್ಚು. ಇದನ್ನು ಕಂಟಿಂಜೆನ್ಸಿಯಲ್ಲಿ ಅಲ್ಲ, ಬಜೆಟ್ ದರದಲ್ಲೇ ಸೇರಿಸಿ ಗುಣಿಸಬೇಕಿತ್ತು.

ಎಲ್ಲ ಸೇರಿ 1.6 ಲಕ್ಷ ಎನ್ನಿ. ಬಾಕಿ ಮೊತ್ತದ ಮೇಲಷ್ಟೇ ಶೇ 5 ಇಟ್ಟಿದ್ದರೆ 61,000 ಚಿಲ್ಲರೆ ಸಿಗುತ್ತಿತ್ತು, ಸಾಲುತ್ತಿರಲಿಲ್ಲ. ಆದರೆ ನಮ್ಮ ಮಹನೀಯರು ಇಟ್ಟದ್ದು ಇಡೀ 60 ಲಕ್ಷದ ಮೇಲೆ ಶೇ 5, ಅಂದರೆ ಮೂರು ಲಕ್ಷ. ತಪ್ಪು ಲೆಕ್ಕದಿಂದಲೇ ಸರಿ, ದರದ ನಷ್ಟ ತುಂಬಿ ಹೆಚ್ಚುಕಡಿಮೆ ಅಷ್ಟೇ ಮಿಗುವಷ್ಟು ದುಡ್ಡು ಪೆಟ್ಟಿಗೆಯಲ್ಲಿತ್ತು!

ಎಲ್ಲಿ ಹೋಯಿತು ಅದು? ಎರಡನೇ ಶಾಮಿಯಾನಕ್ಕೆ ಹೋಯಿತು. ಉದ್ಘಾಟಕರ ಹಿಂದೆ ಬಂದ ನಾಲ್ಕು ಕಾರುಗಳಿಗೆ ಹೋಯಿತು. ಪಂದಿ ಕರಿ, ಕಡಂಬುಟ್ಟು ಊಟಕ್ಕೆ ಕರೆಯದೇ ಬಂದ ನೂರು ಎಲೆಗಳಿಗೆ ಹೋಯಿತು. ನೆನಪಿನ ಕಾಣಿಕೆಗೂ ಹೋಯಿತು. ಈ ಕಾಣಿಕೆಯ ವಿಷಯ ಬಂದಾಗ ಒಂದು ಮಾತು ಹೇಳಿಬಿಡುತ್ತೇನೆ. ಬೆಳ್ಳಿ ಹಿಡಿಯ ಪೀಚೆಕತ್ತಿ ಸುಂದರವಾದದ್ದೇ, ಒಪ್ಪಿದೆ. ಆದರೆ ಕೈಚೀಲವೊಂದನ್ನೇ ಹಿಡಿದು ಬಂದ ಅತಿಥಿಗೆ, ವಿಮಾನ ಹತ್ತುವ ಹಿಂದಿನ ರಾತ್ರಿ ಕತ್ತಿ ಕೊಟ್ಟು ಕಳಿಸುವವರನ್ನು ಏನೆನ್ನಬೇಕು? ಕ್ಯಾಬಿನ್ನಿಗೆ ಅದನ್ನು ಬಿಡುವುದಿಲ್ಲ. ಹೊಸದೊಂದು ಪೆಟ್ಟಿಗೆ ಕೊಂಡು ಲಗೇಜಿಗೆ ಹಾಕಬೇಕು. ಆ ಪೆಟ್ಟಿಗೆಯ ರಸೀದಿಯೂ ತಿಂಗಳಾದ ಮೇಲೆ ಯೂರೋದಲ್ಲೇ ಬರುತ್ತದೆ. ಅದನ್ನೂ ರೂಪಾಯಿ ಕುಸಿತದ ಖಾತೆಗೇ ಬರೆಯಿರಿ.

ದರದ ಮೀಸಲು ಎಂದರೆ ಬೇರೆಯೇ ಸಾಲು. ಪ್ರತಿ ಕರೆನ್ಸಿಗೆ ಒಂದೊಂದು: ಎಷ್ಟು ಬಾಕಿ, ಯಾವ ತಾರೀಖಿಗೆ, ಬಜೆಟ್ ದರ ಎಷ್ಟು, ಆ ಅವಧಿಯಲ್ಲಿ ದರ ಎಲ್ಲಿಯವರೆಗೆ ಹೋಗಬಹುದು. ಕೊನೆಯದಕ್ಕೆ ಸರಾಸರಿ ವರ್ಷ ನೋಡಿದರೆ ಆಗದು, ಕೆಟ್ಟ ವರ್ಷ ನೋಡಬೇಕು. 2013ರ ಮೇ ತಿಂಗಳಲ್ಲಿ 55ರ ಸುಮಾರಿಗಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತ್ತು. 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕು ಯೂರೋ ಎದುರು ಹಾಕಿಕೊಂಡಿದ್ದ ಮಿತಿಯನ್ನು ಕೈಬಿಟ್ಟಾಗ ಫ್ರಾಂಕ್ ಜಿಗಿದದ್ದು ಒಂದೇ ದಿನದಲ್ಲಿ. ಅಷ್ಟೆಲ್ಲ ಮೀಸಲಿಡಲು ಆಗದಿದ್ದರೆ ಆ ಕರೆನ್ಸಿಯ ಬಾಕಿಗೆ ಬ್ಯಾಂಕಿನಿಂದ ಫಾರ್ವರ್ಡ್ ಮಾಡಿಸಿ: ಡಿಸೆಂಬರಿನ ದರ ಇವತ್ತೇ ಗೊತ್ತುಮಾಡಿಕೊಳ್ಳುವುದು. ಇಂದಿನ ದರಕ್ಕಿಂತ ಸ್ವಲ್ಪ ಹೆಚ್ಚು ತೆರಬೇಕಾಗುತ್ತದೆ, ಆದರೆ ಆ ಹೆಚ್ಚು ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಭಾಷಣಕಾರ ಕೈಕೊಟ್ಟರೆ ಮಾತ್ರ ಅದನ್ನು ಅಂದಿನ ಮಾರುಕಟ್ಟೆ ದರದಲ್ಲಿ ರದ್ದು ಮಾಡಬೇಕು, ಲಾಭವೂ ಆಗಬಹುದು, ನಷ್ಟವೂ ಆಗಬಹುದು.

'ಹಾಗಾದರೆ ಎಲ್ಲವನ್ನೂ ಮುಂಗಡವಾಗಿಯೇ ಕಟ್ಟಿಬಿಡೋಣ' ಎನ್ನುವ ಜಾಣರೂ ಇದ್ದಾರೆ. ಕಟ್ಟಬಹುದು. ಆತ ಬಾರದೆ ಹಣ ವಾಪಸಾದರೆ ಬ್ಯಾಂಕು ಅದನ್ನು ತನ್ನ ಕೊಳ್ಳುವ ದರದಲ್ಲಿ ರೂಪಾಯಿ ಮಾಡುತ್ತದೆ. ಹೋಗುವಾಗ ದುಬಾರಿ ದರ, ಬರುವಾಗ ಅಗ್ಗದ ದರ, ನಡುವೆ ಎರಡು ಸಲ ಬ್ಯಾಂಕ್ ಶುಲ್ಕ.

ಮೀಸಲಿನ ಸಾಲಿನಲ್ಲಿ ಇನ್ನೂ ಒಂದು ವಿಷಯ ಬರೆದಿರಬೇಕು: ಕೊನೆಯ ಬಾಕಿ ಸಂದಾಯವಾಗುವವರೆಗೆ ಅಧ್ಯಕ್ಷರೂ ಇದನ್ನು ಮುಟ್ಟುವಂತಿಲ್ಲ. ಇದನ್ನು ಬರೆಯಲು ಯಾವ ಅರ್ಥಶಾಸ್ತ್ರಜ್ಞನೂ ಬೇಡ. ಬೇಕಾದದ್ದು ಶಾಮಿಯಾನದವನಿಗೆ 'ಇಲ್ಲ' ಅನ್ನುವ ಒಬ್ಬ ಖಜಾಂಚಿ. ಅದಾಗಲಿಲ್ಲ. ತಿಂಗಳಿಗೊಮ್ಮೆ ದರ ನೋಡಿ ಪಟ್ಟಿ ತಿದ್ದುವವರೂ ಇರಲಿಲ್ಲ. ಯೂರೋ ಮಾರ್ಚಿನಿಂದಲೇ ಏರತೊಡಗಿತ್ತು. ಸಮಿತಿ ಆಗ ಬ್ಯಾನರಿನ ಬಣ್ಣ ಚರ್ಚಿಸುತ್ತಿತ್ತು. ಈಗ ಎರಡೆಕರೆ ತೋಟದವನೂ ಸಹಕರಿಸಬೇಕು, ಅವನು ಸಮ್ಮೇಳನಕ್ಕೇ ಬಂದಿರಲಿಲ್ಲ. ಅವತ್ತು ಅವನ ತೋಟದಲ್ಲಿ ಹಣ್ಣು ಕೀಳುವ ಕೆಲಸವಿತ್ತು.

ಆ ಸಹಕಾರದ ಪತ್ರ ಬಂದಾಗ ನಷ್ಟದ ಪಟ್ಟಿಯನ್ನು ಕೇಳಿ ತರಿಸಿಕೊಳ್ಳಿ. ಯಾವ ಕರೆನ್ಸಿ, ಯಾವ ತಾರೀಖು, ಯಾವ ದರ, ಬ್ಯಾಂಕಿನ ರವಾನೆ ಚೀಟಿ ಎಲ್ಲಿ. ಮೂರೇ ಪಾವತಿಗಳು, ಒಂದು ಹಾಳೆ ಸಾಕು.