ಬಿಲ್ಲಿನ ಮೊತ್ತವೇ ಖರ್ಚಲ್ಲ: ನಮ್ಮ ಮೇಡಂಗೆ ಕೊಟ್ಟ ಲೆಕ್ಕ

ದಾವಣಗೆರೆಯ ಒಂದು ಕಾಲೇಜಿನ ಕನ್ನಡ ಸಂಘಕ್ಕೆ ಈ ವರ್ಷ ನಾನು ಖಜಾಂಚಿ. ರಾಜ್ಯೋತ್ಸವ ಕಾರ್ಯಕ್ರಮದ ಲೆಕ್ಕ ಕೊಟ್ಟಾಗ ಸಂಘದ ಸಲಹೆಗಾರರಾದ ಮೇಡಂ ಪಟ್ಟಿ ನೋಡಿ ಕೇಳಿದ್ದು ಒಂದೇ ಮಾತು. "ಏನಪ್ಪಾ, ಕಾಲೇಜಿಂದ ತಗೊಂಡಿದ್ದು 30,000. ಇಲ್ಲಿ 41,021 ಖರ್ಚು ಅಂತ ಇದೆ. ಮಿಕ್ಕಿದ್ದು ಯಾರು ಕೊಟ್ರು?"

ಯಾರೂ ಕೊಟ್ಟಿರಲಿಲ್ಲ. ಅಷ್ಟೇ ಅಲ್ಲ, ಕ್ಯಾಶ್ ಡಬ್ಬಿಯಲ್ಲಿ ಇನ್ನೂ 1,230 ರೂಪಾಯಿ ಉಳಿದಿತ್ತು. ಅಂದರೆ ನಿಜವಾಗಿ ಹೋಗಿದ್ದು 28,770. ಪಟ್ಟಿಗೂ ಡಬ್ಬಿಗೂ 12,251 ರೂಪಾಯಿ ವ್ಯತ್ಯಾಸ. ಎರಡು ದಿನ ಕೂತು ಅದು ಎಲ್ಲಿಂದ ಬಂತು ಅಂತ ಹುಡುಕಿ, ಮೇಡಂಗೆ ಬರೆದು ಕೊಟ್ಟೆ. ಬೇರೆ ಸಂಘಗಳಲ್ಲಿ ಲೆಕ್ಕ ನೋಡಿಕೊಳ್ಳುವವರಿಗೂ ಬೇಕಾಗಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ.

ನಾವು ಮಾಡಿದ ಕೆಲಸ ಇಷ್ಟು. ಎಲ್ಲರೂ ಬಿಲ್ಲುಗಳ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ನನ್ನ ಗೆಳೆಯ ಒಂದೊಂದನ್ನೇ ನೋಡಿ, ಕೆಳಗಿದ್ದ ದೊಡ್ಡ ಸಂಖ್ಯೆಯನ್ನು ಪಟ್ಟಿಗೆ ಏರಿಸಿದ. ಪಟ್ಟಿಯಲ್ಲಿ ಎರಡೇ ಕಾಲಂ ಇತ್ತು: ಅಂಗಡಿ, ಮೊತ್ತ. ಆ ಪಟ್ಟಿ ಮಾಡಿಕೊಟ್ಟವನು ನಾನೇ. ಹಾಗಾಗಿ ತಪ್ಪು ಅವನದಲ್ಲ.

ದೊಡ್ಡ ಗೊಂದಲ ಆಗಿದ್ದು ಶಾಮಿಯಾನದ ಬಿಲ್ಲಿನಲ್ಲಿ. ಶಾಮಿಯಾನ, ಕುರ್ಚಿ, ಮೈಕ್ ಎಲ್ಲ ಸೇರಿ 14,000. ಅದರ ಮೇಲೆ ಸಿಜಿಎಸ್‌ಟಿ ಶೇ. 9, ಎಸ್‌ಜಿಎಸ್‌ಟಿ ಶೇ. 9, ತಲಾ 1,260. ಒಟ್ಟು 16,520. ಅದರ ಕೆಳಗೆ "ಅಡ್ವಾನ್ಸ್ 5,000, ಬಾಕಿ 11,520" ಅಂತ ಬರೆದಿದೆ. ಇಲ್ಲಿಗೆ ಆ ಅಂಗಡಿಯ ಕಥೆ ಮುಗಿಯಬೇಕಿತ್ತು. ಆದರೆ ಫೈಲಿನಲ್ಲಿ ಅದೇ ಅಂಗಡಿಯ ಇನ್ನೊಂದು ಕಾಗದ ಇತ್ತು. ಬುಕ್ ಮಾಡಿದ ದಿನ ಕೊಟ್ಟ 7,000 ರೂಪಾಯಿಗೆ ರಸೀದಿ. 5,000 ದಾಟಿದ ರಸೀದಿಗೆ ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಹಚ್ಚಬೇಕಲ್ವಾ, ಹಚ್ಚಿ ಮೇಲೆ ಸಹಿ ಹಾಕಿದ್ದರು. ನೋಡಿದರೆ ಬಿಲ್ಲಿಗಿಂತ ಗಟ್ಟಿ ಕಾಗದ. ಗೆಳೆಯ ಅದನ್ನೂ ಖರ್ಚು ಅಂತ ಏರಿಸಿದ.

ರಸೀದಿ ಅಂದರೆ ದುಡ್ಡು ಕೊಟ್ಟಿದ್ದಕ್ಕೆ ಗುರುತು. ಬಿಲ್ಲು ಅಂದರೆ ಎಷ್ಟು ಕೊಡಬೇಕು ಅನ್ನುವ ಲೆಕ್ಕ. ಒಂದೇ ಕೆಲಸಕ್ಕೆ ಎರಡೂ ಕಾಗದ ಇದ್ದರೆ ಖರ್ಚಿಗೆ ಬಿಲ್ಲನ್ನು ಮಾತ್ರ ಹಿಡಿಯಬೇಕು. ಎರಡನ್ನೂ ಕೂಡಿಸಿದ್ದರಿಂದ 7,000 ಜಾಸ್ತಿ ಬಂತು.

ಹಾಗಾದರೆ ಬಿಲ್ಲಿನಲ್ಲಿ ಅಡ್ವಾನ್ಸ್ 5,000 ಇದೆ, ರಸೀದಿಯಲ್ಲಿ 7,000 ಯಾಕೆ? ಮೇಡಂ ಕೂಡ ಇದನ್ನೇ ಕೇಳಿದರು. ಉಳಿದ 2,000 ಕುರ್ಚಿಗಳಿಗೆ ಇಟ್ಟ ಡಿಪಾಸಿಟ್. ಡಿಪಾಸಿಟ್ ಖರ್ಚಲ್ಲ, ವಾಪಸ್ ಬರುವ ದುಡ್ಡು. ಆದರೆ ಕಾರ್ಯಕ್ರಮದ ದಿನ ಎರಡು ಕುರ್ಚಿ ಮುರಿದವು. ಅವರು 600 ಹಿಡಿದುಕೊಂಡು 1,400 ಕೊಟ್ಟರು. ಆ 600 ಖರ್ಚು, ಆದರೆ ಅದಕ್ಕೆ ಬಿಲ್ಲೇ ಇಲ್ಲ! ರಸೀದಿಯ ಹಿಂದೆ ಪೆನ್ನಿನಲ್ಲಿ "2 ಕುರ್ಚಿ 600" ಅಂತ ಒಂದು ಸಾಲು, ಅಷ್ಟೇ. ಫೋಟೊ ತೆಗೆದವರು ಮುಂದಿನ ಭಾಗ ಮಾತ್ರ ತೆಗೆದಿದ್ದರು. ಹಾಗಾಗಿ ಪಟ್ಟಿಯಲ್ಲಿ 600 ಕಡಿಮೆ ಬಂತು.

ತೆರಿಗೆಯ ಬಗ್ಗೆಯೂ ಒಂದು ಮಾತು. 14,000 ಬರೆಯೋದಾ, 16,520 ಬರೆಯೋದಾ ಅಂತ ಮೇಡಂಗೆ ಅನುಮಾನ ಇತ್ತು. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ತಾನು ಕೊಟ್ಟ ತೆರಿಗೆಯನ್ನು ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ ಕಳೆದುಕೊಳ್ಳುತ್ತಾನೆ, ಅವನಿಗೆ ಖರ್ಚು 14,000. ನಮ್ಮ ಸಂಘಕ್ಕೆ ನೋಂದಣಿ ಇಲ್ಲ. ಕೊಟ್ಟ ತೆರಿಗೆ ಹೋಯಿತು. ನಮಗೆ ಪೂರ್ತಿ 16,520 ಖರ್ಚೇ.

ಇನ್ನು ಹೂವಿನ ಚೀಟಿ. ಪಟ್ಟಿಯಲ್ಲಿ ಹೂವಿಗೆ 6,501 ಅಂತ ಇತ್ತು. ಚೀಟಿ ತೆಗೆದು ನೋಡಿದೆ. ಸಣ್ಣ ಪ್ಯಾಡಿನ ಹಾಳೆ, ನೀಲಿ ಪೆನ್ನು. 10 ಮಾರು ಸೇವಂತಿಗೆ, ಮಾರಿಗೆ 50ರಂತೆ 500. ಒಂದು ಹಾರ 150. ಕೆಳಗೆ ಮೊತ್ತ: 650/-. ಆ ಗೀಟು ಓರೆಯಾಗಿ ಬೀಳುವ ಬದಲು ನೆಟ್ಟಗೆ ಬಿದ್ದಿತ್ತು, ಸೊನ್ನೆಗೆ ಅಂಟಿಕೊಂಡಿತ್ತು. ಮುಂದಿನ ಸಣ್ಣ ಅಡ್ಡಗೆರೆ ಫೋಟೊದಲ್ಲಿ ಕಾಣುತ್ತಲೇ ಇರಲಿಲ್ಲ. ಹಾಗಾಗಿ 650/- ಹೋಗಿ 6501 ಆಯಿತು. 5,851 ರೂಪಾಯಿ ಇಲ್ಲೇ ಹುಟ್ಟಿಕೊಂಡಿದ್ದು.

ಈಗ ಕೂಡಿಸಿ ನೋಡಿ. ರಸೀದಿಯ 7,000, ಹೂವಿನ 5,851, ಒಟ್ಟು 12,851 ಜಾಸ್ತಿ. ಅದರಲ್ಲಿ ಬಿಟ್ಟುಹೋದ 600 ಕಳೆದರೆ 12,251. ಡಬ್ಬಿಗೂ ಪಟ್ಟಿಗೂ ಇದ್ದ ವ್ಯತ್ಯಾಸ ರೂಪಾಯಿ ಬಿಡದೆ ಸಿಕ್ಕಿತು.

ಉಳಿದ ಮೂರರಲ್ಲಿ ತೊಂದರೆ ಇರಲಿಲ್ಲ. ಮಂಡಕ್ಕಿ-ಮಿರ್ಚಿ 200 ಪ್ಲೇಟು, 30ರಂತೆ 6,000. ಬಟ್ಟೆ ಬ್ಯಾನರ್ 1,800. ಬಹುಮಾನದ ಪುಸ್ತಕ 3,200, ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಪುಸ್ತಕದ ಬಿಲ್ಲು ಮಾತ್ರ ಥರ್ಮಲ್ ಕಾಗದದ್ದು. ಶಾಖಕ್ಕೆ ಅಕ್ಷರ ಹಾಳಾಗುತ್ತೆ ಅಂತ ಜೆರಾಕ್ಸ್ ಮಾಡಿಸಿ ಜೊತೆಗೆ ಪಿನ್ ಹೊಡೆದಿದ್ದೇನೆ.

ನನಗೆ ಬೇಜಾರಾಗಿದ್ದು ಇದರ ನಡುವೆ ಬಂದ ಒಂದು ಸಲಹೆ. "ಆ 600ಕ್ಕೆ ಯಾಕೆ ಒದ್ದಾಡ್ತೀಯಾ? ಮಂಡಕ್ಕಿಯವರ ಹತ್ರ 220 ಪ್ಲೇಟು ಅಂತ ಇನ್ನೊಂದು ಚೀಟಿ ಬರೆಸ್ಕೊಂಡು ಬಾ, ಸರಿಹೋಗುತ್ತೆ" ಅಂದರು ಒಬ್ಬರು. ಲೆಕ್ಕ ಸರಿಹೋಗುತ್ತೆ, ನಿಜ. 20 ಪ್ಲೇಟಿಗೆ ಸರಿಯಾಗಿ 600. ಆದರೆ ನಡೆದಿದ್ದು ಕುರ್ಚಿ ಮುರಿದಿದ್ದು. ಮುಂದಿನ ವರ್ಷ ಖಜಾಂಚಿ ಆಗುವವರು ಈ ಫೈಲು ನೋಡಿ 220 ಪ್ಲೇಟು ಹೇಳುತ್ತಾರೆ. ಕುರ್ಚಿಗೆ ಡಿಪಾಸಿಟ್ ಇಡಬೇಕು, ಮುರಿದರೆ ಒಂದಕ್ಕೆ 300 ಹಿಡೀತಾರೆ ಅನ್ನೋದು ಅವರಿಗೆ ಗೊತ್ತೇ ಆಗಲ್ಲ. ಸಾಲದ್ದಕ್ಕೆ ಮಿರ್ಚಿ ಕರಿಯುವವರ ಕೈಯಲ್ಲಿ ಸುಳ್ಳು ಬರೆಸಬೇಕು. ನಾನು ಒಪ್ಪಲಿಲ್ಲ.

ಬದಲಿಗೆ ಶಾಮಿಯಾನ ಅಂಗಡಿಗೆ ಹೋಗಿ ಒಂದು ವೋಚರ್ ಮಾಡಿಸಿಕೊಂಡು ಬಂದೆ. ದಿನಾಂಕ, "ಮುರಿದ ಎರಡು ಕುರ್ಚಿಗೆ ಡಿಪಾಸಿಟ್‌ನಿಂದ ಹಿಡಿದುಕೊಂಡಿದ್ದು 600, ಆರು ನೂರು ರೂಪಾಯಿ ಮಾತ್ರ", ಅವರ ಸಹಿ, ನನ್ನ ಸಹಿ. ಐದು ನಿಮಿಷದ ಕೆಲಸ. ಅಕ್ಷರದಲ್ಲಿ ಬರೆಸಿದ್ದು ಬೇಕಂತಲೇ. ಹೂವಿನ ಚೀಟಿಯಲ್ಲಿ "ಆರು ನೂರ ಐವತ್ತು" ಅಂತ ಇದ್ದಿದ್ದರೆ ಆ ಗೀಟು ಯಾರನ್ನೂ ದಾರಿ ತಪ್ಪಿಸುತ್ತಿರಲಿಲ್ಲ.

ಪಟ್ಟಿಯನ್ನೂ ಬದಲಿಸಿದ್ದೇನೆ. "ಮೊತ್ತ" ಅನ್ನುವ ಒಂದೇ ಕಾಲಂ ತೆಗೆದು, ಬಿಲ್ಲಿನ ಮೊತ್ತ, ಕೊಟ್ಟ ದುಡ್ಡು, ವಾಪಸ್ ಬಂದಿದ್ದು ಅಂತ ಮೂರು ಮಾಡಿದೆ. ಶಾಮಿಯಾನದ ಸಾಲಿನಲ್ಲಿ ಈಗ 16,520, 18,520, 1,400 ಅಂತಿದೆ. ಕೊಟ್ಟಿದ್ದರಲ್ಲಿ ವಾಪಸ್ ಬಂದಿದ್ದು ಕಳೆದರೆ 17,120. ಬಿಲ್ಲಿಗಿಂತ 600 ಜಾಸ್ತಿ, ಅದಕ್ಕೆ ವೋಚರ್ ಪಕ್ಕದಲ್ಲೇ ಇದೆ. ಕೈಬರಹದ ಚೀಟಿ ಇದ್ದರೆ ಒಟ್ಟು ಮೊತ್ತ ಮಾತ್ರ ಏರಿಸುವುದಿಲ್ಲ. ಎಷ್ಟು, ದರ ಏನು ಅಂತಲೂ ಬರೆದು ಗುಣಿಸಿ ನೋಡುತ್ತೇವೆ. ಇದರಿಂದ ಎಲ್ಲ ತಪ್ಪೂ ಸಿಗಲ್ಲ. ಕಳೆದುಹೋದ ಚೀಟಿ, ಹಿಂದೆ ಬರೆದ ಸಾಲು ಇವನ್ನು ಹಿಡಿಯೋಕೆ ಕೊನೆಗೆ ಡಬ್ಬಿಯ ದುಡ್ಡನ್ನೇ ಎಣಿಸಬೇಕು.

ಉಳಿದ 1,230 ರೂಪಾಯಿಯನ್ನು ನಿನ್ನೆ ಸಂಘದ ಖಾತೆಗೆ ಕಟ್ಟಿ, ಚಲನ್ ಪ್ರತಿಯನ್ನು ಫೈಲಿಗೆ ಅಂಟಿಸಿದೆ. ಮೇಡಂ ಸಹಿ ಹಾಕುವ ಮೊದಲು ಹೂವಿನ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಗೀಟನ್ನು ನೋಡಿದರು. ಆಮೇಲೆ ರಸೀದಿ ತಿರುಗಿಸಿ ಹಿಂಭಾಗವನ್ನೂ ಓದಿದರು.